ಮೂಳೆ ಸಾಂದ್ರತೆ ಸ್ಕ್ಯಾನ್ ವರದಿ: ಟಿ-ಸ್ಕೋರ್, ಝಡ್-ಸ್ಕೋರ್ ಮತ್ತು ವಯಸ್ಸು (ಪದೇ ಪದೇ ಕೇಳುವ ಪ್ರಶ್ನೆಗಳು)

ಡೆಕ್ಸಾ ಸ್ಕ್ಯಾನ್ ಮಾಡಿಸಿದವರ ಕೈಗೆ ಮೂಳೆಯ ಚಿತ್ರ, ಹಸಿರು-ಹಳದಿ-ಕೆಂಪು ಬಣ್ಣದ ಗ್ರಾಫ್ ಮತ್ತು ಮೈನಸ್ ಗುರುತಿನ ಒಂದಷ್ಟು ಅಂಕಿಗಳು ಬರುತ್ತವೆ. ಇಂಥ ವರದಿಗಳನ್ನು ಓದಿ ಬರೆಯುವುದು ನನ್ನ ಕೆಲಸ. ಗೊಂದಲ ಜಾಸ್ತಿ ಆಗುವುದು ಎರಡು ವಯಸ್ಸಿನವರಲ್ಲಿ: ಇಪ್ಪತ್ತು-ಮೂವತ್ತರ ಆಸುಪಾಸಿನವರಲ್ಲಿ ಮತ್ತು ಎಪ್ಪತ್ತು ದಾಟಿದವರಲ್ಲಿ. ಚಿಕ್ಕ ವಯಸ್ಸಿನವರಿಗೆ ಇಲ್ಲದ ಕಾಯಿಲೆಯ ಹೆಸರು ಅಂಟಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಇರುವ ಕಾಯಿಲೆ ಕಾಣದೆ ಹೋಗುತ್ತದೆ. ಅದಕ್ಕೇ ಈ ಪುಟದ ಪ್ರಶ್ನೆಗಳು ಹೆಚ್ಚಾಗಿ ಈ ಎರಡು ವಯಸ್ಸಿನ ಸುತ್ತಲೇ ಇವೆ.

ಈ ಸ್ಕ್ಯಾನ್ ನಿಜಕ್ಕೂ ಏನನ್ನು ಅಳೆಯುತ್ತದೆ?

ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ರೇ ಕಿರಣಗಳನ್ನು ಮೈಮೂಲಕ ಹಾಯಿಸುತ್ತಾರೆ. ಮೂಳೆ ಮತ್ತು ಮಾಂಸ ಈ ಎರಡನ್ನೂ ಒಂದೇ ರೀತಿ ತಡೆಯುವುದಿಲ್ಲ. ಆ ವ್ಯತ್ಯಾಸದಿಂದ ಮೂಳೆಯಲ್ಲಿರುವ ಖನಿಜ ಎಷ್ಟು ಗ್ರಾಂ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಅದನ್ನು ಚಿತ್ರದಲ್ಲಿ ಕಾಣುವ ಮೂಳೆಯ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದೇ ಸಾಂದ್ರತೆ. ಹಾಗಾಗಿ ಅದರ ಅಳತೆ ಒಂದು ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದಿರುತ್ತದೆ.

ಸಾಮಾನ್ಯವಾಗಿ ಎರಡು ಜಾಗ ನೋಡುತ್ತೇವೆ. ಒಂದು ಸೊಂಟದ ಬೆನ್ನೆಲುಬಿನ ಮೊದಲ ನಾಲ್ಕು ಕಶೇರುಗಳು, ವರದಿಯಲ್ಲಿ ಇವು ಎಲ್1ರಿಂದ ಎಲ್4. ಇನ್ನೊಂದು ಸೊಂಟದ ಕೀಲಿನ ಭಾಗ. ಇಲ್ಲಿ ತೊಡೆಮೂಳೆಯ ಕುತ್ತಿಗೆ ಮತ್ತು ಇಡೀ ಕೀಲಿನ ಭಾಗ ಎಂದು ಎರಡು ಅಂಕಿ ಬರುತ್ತವೆ. ಇವುಗಳನ್ನು ಅಳೆಯಲು ಆಗದಿದ್ದರೆ, ಉದಾಹರಣೆಗೆ ಎರಡೂ ಕಡೆ ಕೃತಕ ಕೀಲು ಹಾಕಿದ್ದರೆ, ಮುಂಗೈ ಮೂಳೆಯನ್ನು ನೋಡುತ್ತೇವೆ.

ಈ ಪರೀಕ್ಷೆ ತೋರಿಸುವುದು ಖನಿಜದ ಪ್ರಮಾಣವನ್ನು ಮಾತ್ರ. ಅದು ಯಾಕೆ ಕಡಿಮೆ ಆಯಿತು ಎಂಬುದನ್ನು ಹೇಳುವುದಿಲ್ಲ.

ಟಿ-ಸ್ಕೋರ್ ಲೆಕ್ಕ ಹೇಗೆ?

ನಿಮ್ಮ ಸಾಂದ್ರತೆಯಿಂದ ಆರೋಗ್ಯವಂತ ಯುವತಿಯರ ಸರಾಸರಿಯನ್ನು ಕಳೆಯಬೇಕು. ಬಂದದ್ದನ್ನು ಆ ಯುವತಿಯರ ಗುಂಪಿನ ಪ್ರಮಾಣಿತ ವಿಚಲನೆಯಿಂದ ಭಾಗಿಸಬೇಕು. ಪ್ರಮಾಣಿತ ವಿಚಲನೆ ಎಂದರೆ ಒಂದು ಗುಂಪಿನೊಳಗೆ ಜನರ ಅಳತೆಗಳು ಸರಾಸರಿಯ ಆಚೀಚೆ ಎಷ್ಟು ಹರಡಿಕೊಂಡಿವೆ ಎಂಬುದರ ಅಳತೆ.

ತೊಡೆಮೂಳೆಯ ಕುತ್ತಿಗೆಗೆ ಹೆಚ್ಚು ಬಳಕೆಯಲ್ಲಿರುವ ಅಂಕಿಗಳು ಅಮೆರಿಕದ ಒಂದು ದೊಡ್ಡ ಆರೋಗ್ಯ ಸಮೀಕ್ಷೆಯಿಂದ ಬಂದಿವೆ. 20ರಿಂದ 29 ವರ್ಷದ ಬಿಳಿಯ ಮಹಿಳೆಯರಲ್ಲಿ ಸರಾಸರಿ 0.858, ವಿಚಲನೆ 0.120. ಒಬ್ಬರ ಅಳತೆ 0.738 ಬಂದರೆ ಸರಾಸರಿಗಿಂತ 0.120 ಕಡಿಮೆ, ಅಂದರೆ ಒಂದು ವಿಚಲನೆ ಕೆಳಗೆ. ಟಿ-ಸ್ಕೋರ್ −1.0. ಅಳತೆ 0.558 ಇದ್ದರೆ −2.5.

ಸ್ಕೋರ್ ಎಂಬುದು ಒಂದು ಹೋಲಿಕೆ. ಯಾರ ಜೊತೆ ಹೋಲಿಸುತ್ತೀರಿ ಎಂಬುದು ಬದಲಾದರೆ, ಮೂಳೆ ಅದೇ ಇದ್ದರೂ ಸ್ಕೋರ್ ಬದಲಾಗುತ್ತದೆ.

ಹಾಗಾದರೆ ಝಡ್-ಸ್ಕೋರ್?

ಲೆಕ್ಕದ ರೀತಿ ಅದೇ, ಹೋಲಿಸುವ ಗುಂಪು ಬೇರೆ. ಇಲ್ಲಿ ನಿಮ್ಮನ್ನು ನಿಮ್ಮದೇ ವಯಸ್ಸಿನ, ನಿಮ್ಮದೇ ಲಿಂಗದವರ ಜೊತೆ ಹೋಲಿಸುತ್ತಾರೆ. 28 ವರ್ಷದ ಮಹಿಳೆಯಲ್ಲಿ ಎರಡೂ ಸ್ಕೋರ್ ಹೆಚ್ಚುಕಡಿಮೆ ಒಂದೇ ಇರುತ್ತವೆ, ಯಾಕೆಂದರೆ ಎರಡೂ ಗುಂಪು ಒಂದೇ. ವಯಸ್ಸಾದಂತೆ ಇವೆರಡರ ನಡುವಿನ ಅಂತರ ಹೆಚ್ಚುತ್ತಾ ಹೋಗುತ್ತದೆ.

−2.5 ಎಂಬ ಗೆರೆ ಎಲ್ಲಿಂದ ಬಂತು? ಅದು ಯಾರಿಗೆ ಅನ್ವಯಿಸುತ್ತದೆ?

1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಂದು ತಜ್ಞರ ಗುಂಪು ಈ ಗೆರೆಯನ್ನು ಹಾಕಿತು. −1.0 ಅಥವಾ ಅದಕ್ಕಿಂತ ಮೇಲಿದ್ದರೆ ಸಾಮಾನ್ಯ. −1.0 ಮತ್ತು −2.5ರ ನಡುವೆ ಇದ್ದರೆ ಆಸ್ಟಿಯೋಪೀನಿಯಾ, ಅಂದರೆ ಮೂಳೆ ಸಾಂದ್ರತೆ ಕಡಿಮೆ. −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್.

ಆಗ ಅವರ ಮುಂದಿದ್ದದ್ದು ಮುಟ್ಟು ನಿಂತ ಮಹಿಳೆಯರ ಪ್ರಶ್ನೆ. ಆ ಮಹಿಳೆಯರಲ್ಲಿ ಮೂಳೆ ಮುರಿಯುವ ಅಪಾಯಕ್ಕೂ ಸಾಂದ್ರತೆಗೂ ಇರುವ ಸಂಬಂಧವನ್ನು ನೋಡಿ ಗೆರೆ ಆರಿಸಿದರು. ಈಗ ಇದೇ ಗೆರೆಯನ್ನು ಮುಟ್ಟು ನಿಂತ ಅಥವಾ ನಿಲ್ಲುವ ಹಂತದಲ್ಲಿರುವ ಮಹಿಳೆಯರಿಗೆ ಮತ್ತು 50 ದಾಟಿದ ಗಂಡಸರಿಗೆ ಬಳಸುತ್ತೇವೆ. ಇನ್ನೂ ಮುಟ್ಟಾಗುವ ಮಹಿಳೆಯರಿಗೆ, 50ರ ಒಳಗಿನ ಗಂಡಸರಿಗೆ ಇದು ಹೊಂದುವುದಿಲ್ಲ. ಮಕ್ಕಳ ವರದಿಯಲ್ಲಂತೂ ಟಿ-ಸ್ಕೋರ್ ಇರಲೇಬಾರದು.

ಯಂತ್ರಕ್ಕೆ ಇದೆಲ್ಲ ತಾನಾಗಿ ಗೊತ್ತಾಗುವುದಿಲ್ಲ. ಸೆಟ್ಟಿಂಗ್ ಸರಿ ಮಾಡದಿದ್ದರೆ 27 ವರ್ಷದವರಿಗೂ ಅದೇ ಬಣ್ಣದ ಗ್ರಾಫ್ ಮುದ್ರಿಸಿ ಕೊಡುತ್ತದೆ. ತೊಂದರೆ ಶುರುವಾಗುವುದು ಅಲ್ಲೇ.

ನನಗೆ 27 ವರ್ಷ. ಬೆನ್ನೆಲುಬಿನ ಟಿ-ಸ್ಕೋರ್ −2.6, ಝಡ್-ಸ್ಕೋರ್ −2.5. ಗ್ರಾಫಿನಲ್ಲಿ ಕೆಂಪು ಪಟ್ಟಿಯಲ್ಲಿದ್ದೇನೆ. ನನಗೆ ಆಸ್ಟಿಯೊಪೊರೋಸಿಸ್ ಇದೆಯಾ?

ಈ ಅಂಕಿ ಒಂದನ್ನೇ ನೋಡಿ ಹಾಗೆ ಹೇಳಲು ಬರುವುದಿಲ್ಲ. ನಿಮ್ಮ ವರದಿಯಲ್ಲಿ ಟಿ-ಸ್ಕೋರ್ ಬಿಟ್ಟುಬಿಡಿ, ಝಡ್-ಸ್ಕೋರ್ ಮಾತ್ರ ನೋಡಿ. ಅದು −2.0 ಅಥವಾ ಅದಕ್ಕಿಂತ ಕೆಳಗಿದ್ದರೆ ನಾವು ಬರೆಯಬೇಕಾದ ಮಾತು ‘ವಯಸ್ಸಿಗೆ ನಿರೀಕ್ಷಿಸುವುದಕ್ಕಿಂತ ಕಡಿಮೆ’ ಎಂದು. −2.0ಕ್ಕಿಂತ ಮೇಲಿದ್ದರೆ ‘ವಯಸ್ಸಿಗೆ ತಕ್ಕಂತಿದೆ’ ಎಂದು. ನಿಮ್ಮದು ಕಡಿಮೆ ಇರುವ ಗುಂಪಿಗೆ ಸೇರುತ್ತದೆ. ಆದರೆ ಅದು ಇನ್ನೂ ಕಾಯಿಲೆಯ ಹೆಸರಲ್ಲ, ವಿಚಾರಿಸಿ ನೋಡಬೇಕು ಎಂಬ ಸೂಚನೆ.

ಯಾಕೆ ಇಷ್ಟು ಎಚ್ಚರಿಕೆ? ಮೊದಲನೆಯದು ಬರೀ ಲೆಕ್ಕದ ಮಾತು. ಯಾವ ಕಾಯಿಲೆಯೂ ಇಲ್ಲದ ಯುವಜನರ ಗುಂಪನ್ನೇ ತೆಗೆದುಕೊಳ್ಳಿ. ಅವರ ಅಳತೆಗಳು ಸರಾಸರಿಯ ಎರಡೂ ಬದಿಗೆ ಸಮನಾಗಿ ಹರಡಿಕೊಂಡಿದ್ದರೆ, ನೂರರಲ್ಲಿ ಸುಮಾರು 16 ಜನ −1.0ಕ್ಕಿಂತ ಕೆಳಗೆ ಇದ್ದೇ ಇರುತ್ತಾರೆ. ಸುಮಾರು ಇಬ್ಬರು −2.0ಕ್ಕಿಂತ ಕೆಳಗಿರುತ್ತಾರೆ. ಎತ್ತರದಲ್ಲಿ ಕೆಲವರು ಗಿಡ್ಡ ಇರುವ ಹಾಗೆ ಇದು. ಅವರ ಮೂಳೆ ಏನೂ ಕಳೆದುಕೊಂಡಿಲ್ಲ, ಬೆಳೆದದ್ದೇ ಅಷ್ಟು. 25 ವರ್ಷದವರಿಗೆ ‘ಆಸ್ಟಿಯೋಪೀನಿಯಾ’ ಎಂದು ಬರೆದುಕೊಟ್ಟರೆ, ಆರೋಗ್ಯವಂತರಲ್ಲೇ ಆರರಲ್ಲಿ ಒಬ್ಬರಿಗೆ ಸುಮ್ನೆ ಕಾಯಿಲೆಯ ಹಣೆಪಟ್ಟಿ ಹಚ್ಚಿದಂತೆ.

ಎರಡನೆಯದು ಇನ್ನೂ ಮುಖ್ಯ. ಟಿ-ಸ್ಕೋರ್ ಒಂದೇ ಇದ್ದರೂ ಮೂಳೆ ಮುರಿಯುವ ಅಪಾಯ ಎಲ್ಲ ವಯಸ್ಸಿನಲ್ಲೂ ಒಂದೇ ಅಲ್ಲ. ವಯಸ್ಸಾದವರಲ್ಲಿ ಮೂಳೆಯ ಒಳಗಿನ ಜಾಲರಿ ಸವೆದು ಅಲ್ಲಲ್ಲಿ ತುಂಡಾಗಿರುತ್ತದೆ. ಬೀಳುವುದೂ ಜಾಸ್ತಿ, ಬಿದ್ದಾಗ ಕೈಯೂರಿ ತಡೆದುಕೊಳ್ಳುವ ಚುರುಕೂ ಕಡಿಮೆ. 27ರ ವಯಸ್ಸಿನಲ್ಲಿ −2.6 ಇದ್ದವರಿಗೆ ಮುಂದಿನ ಹತ್ತು ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆ, ಅದೇ ಅಂಕಿಯ 75 ವರ್ಷದವರಿಗೆ ಹೋಲಿಸಿದರೆ ತುಂಬಾ ಕಡಿಮೆ. ಹತ್ತು ವರ್ಷದ ಅಪಾಯ ಲೆಕ್ಕ ಹಾಕುವ ಫ್ರಾಕ್ಸ್ ಎಂಬ ಸಾಧನ ಕೂಡ 40ರಿಂದ 90 ವಯಸ್ಸಿನವರಿಗೆ ಮಾತ್ರ ಮಾಡಿದ್ದು.

ನಾನು ತುಂಬಾ ಸಣ್ಣ ಮೈಕಟ್ಟಿನವಳು. ಅದರಿಂದ ಸ್ಕೋರ್ ಕಡಿಮೆ ಬರುತ್ತದಾ?

ಬರಬಹುದು, ಮತ್ತು ಇದು ಬಹಳ ಜನ ಗಮನಿಸದ ವಿಷಯ. ಸ್ಕ್ಯಾನ್ ಮೂಳೆಯ ಉದ್ದ ಮತ್ತು ಅಗಲವನ್ನು ನೋಡುತ್ತದೆ, ದಪ್ಪವನ್ನು ನೋಡುವುದಿಲ್ಲ. ಒಂದೇ ವಸ್ತುವಿನಿಂದ ಮಾಡಿದ ಎರಡು ಘನಾಕಾರದ ತುಂಡುಗಳನ್ನು ಊಹಿಸಿಕೊಳ್ಳಿ. ಒಂದರ ಬದಿ 2 ಸೆಂ.ಮೀ., ಇನ್ನೊಂದರದು 3 ಸೆಂ.ಮೀ. ಎರಡರಲ್ಲೂ ಘನ ಸೆಂಟಿಮೀಟರಿಗೆ 1 ಗ್ರಾಂ. ಅಂದರೆ ಗಟ್ಟಿತನ ಒಂದೇ. ಮೊದಲನೆಯದರ ತೂಕ 8 ಗ್ರಾಂ, ಎದುರಿನಿಂದ ಕಾಣುವ ವಿಸ್ತೀರ್ಣ 4 ಚದರ ಸೆಂ.ಮೀ. ಭಾಗಿಸಿದರೆ 2. ಎರಡನೆಯದರ ತೂಕ 27 ಗ್ರಾಂ, ವಿಸ್ತೀರ್ಣ 9. ಭಾಗಿಸಿದರೆ 3. ವಸ್ತು ಒಂದೇ ಆದರೂ ಚಿಕ್ಕದರ ‘ಸಾಂದ್ರತೆ’ ಮೂರನೇ ಒಂದು ಭಾಗ ಕಡಿಮೆ ಬಂತು.

ಹೀಗೇ, ಚಿಕ್ಕ ಮೂಳೆಯವರ ಅಂಕಿ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ದೊಡ್ಡ ಮೂಳೆಯವರದು ಜಾಸ್ತಿ ಕಾಣುತ್ತದೆ. ಅದಕ್ಕೇ ಮಕ್ಕಳಲ್ಲಿ, ಎತ್ತರ ಕಡಿಮೆ ಇದ್ದಾಗ, ಎತ್ತರಕ್ಕೆ ಹೊಂದಿಸಿದ ಝಡ್-ಸ್ಕೋರ್ ತೆಗೆಯುತ್ತಾರೆ. ದೊಡ್ಡವರ ವರದಿಯಲ್ಲಿ ಆ ಹೊಂದಾಣಿಕೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ 147 ಸೆಂ.ಮೀ. ಎತ್ತರ, 41 ಕೆ.ಜಿ. ತೂಕದ ಯುವತಿಯ ವರದಿ ಬರೆಯುವಾಗ ಈ ಮಾತನ್ನು ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ. ವರದಿ ಓದುವ ವೈದ್ಯರ ಮುಂದೆ ರೋಗಿ ಇರುತ್ತಾರೆ ನಿಜ, ಆದರೂ ಅಂಕಿಯ ಪಕ್ಕದಲ್ಲೇ ಈ ಎಚ್ಚರಿಕೆ ಇದ್ದರೆ ಒಳ್ಳೆಯದಲ್ವಾ?

ಚಿಕ್ಕ ವಯಸ್ಸಿನಲ್ಲಿ ಕಡಿಮೆ ಝಡ್-ಸ್ಕೋರ್ ಯಾವಾಗ ನಿಜಕ್ಕೂ ಚಿಂತೆಯ ವಿಷಯ?

ಅದರ ಹಿಂದೆ ಒಂದು ಕಾರಣ ಇದ್ದಾಗ. ತಿಂಗಳುಗಟ್ಟಲೆ ಮುಟ್ಟು ನಿಂತಿದೆಯಾ, ಊಟ ಬಿಟ್ಟು ತೂಕ ತುಂಬಾ ಇಳಿದಿದೆಯಾ, ಬಹಳ ಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದಾರಾ ಎಂದು ಮೊದಲು ಕೇಳಬೇಕು. ಥೈರಾಯ್ಡ್ ಜಾಸ್ತಿ ಕೆಲಸ ಮಾಡುವುದು, ಗೋಧಿಯ ಅಂಟು ಒಗ್ಗದ ಸೀಲಿಯಾಕ್ ಕಾಯಿಲೆ, ಮೂತ್ರಪಿಂಡದ ತೊಂದರೆ ಇವೂ ಮೂಳೆಯನ್ನು ಸವೆಸುತ್ತವೆ. ಸಣ್ಣ ಪೆಟ್ಟಿಗೇ ಮೂಳೆ ಮುರಿದಿದ್ದರೆ ಇಡೀ ಚಿತ್ರವೇ ಬೇರೆ. ಆಗ ಸ್ಕೋರಿಗಿಂತ ಆ ಮುರಿತಕ್ಕೇ ತೂಕ ಹೆಚ್ಚು.

ವಿಟಮಿನ್ ಡಿ ತೀರಾ ಕಡಿಮೆಯಾಗಿ ಮೂಳೆ ಮೆತ್ತಗಾಗುವ ಆಸ್ಟಿಯೊಮಲೇಶಿಯಾವನ್ನು ಇಲ್ಲಿ ಬೇರೆಯಾಗಿ ಹೇಳಬೇಕು. ಅದರಲ್ಲಿ ಮೂಳೆಯ ಚೌಕಟ್ಟು ಇರುತ್ತದೆ, ಖನಿಜ ಕೂತಿರುವುದಿಲ್ಲ. ಸ್ಕ್ಯಾನ್ ಖನಿಜವನ್ನು ಮಾತ್ರ ಅಳೆಯುವುದರಿಂದ ಅಲ್ಲೂ ಸ್ಕೋರ್ ಕಡಿಮೆಯೇ ಬರುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಇವನ್ನು ಬೇರ್ಪಡಿಸಿ ತೋರಿಸುವುದು ರಕ್ತ ಪರೀಕ್ಷೆ: ಕ್ಯಾಲ್ಸಿಯಂ, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಹಾರ್ಮೋನ್.

ಬಸಿರು ಮತ್ತು ಮಗುವಿಗೆ ಹಾಲುಣಿಸುವ ತಿಂಗಳುಗಳಲ್ಲಿ ಸಾಂದ್ರತೆ ಸ್ವಲ್ಪ ಇಳಿಯುವುದು ಸಹಜ. ಹಾಲು ಬಿಡಿಸಿದ ಮೇಲೆ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಆ ಹೊತ್ತಿನ ಒಂದು ಅಳತೆಯಿಂದ ದೊಡ್ಡ ತೀರ್ಮಾನ ಮಾಡಬಾರದು.

ನಮ್ಮ ಅಮ್ಮನಿಗೆ 72 ವರ್ಷ. ಬೆನ್ನೆಲುಬಿನ ಟಿ-ಸ್ಕೋರ್ −1.1, ತೊಡೆಮೂಳೆಯ ಕುತ್ತಿಗೆಯದು −2.6. ಯಾವುದನ್ನು ನಂಬಬೇಕು?

ರೋಗ ನಿರ್ಧಾರಕ್ಕೆ ಅತಿ ಕಡಿಮೆ ಇರುವ ಅಂಕಿಯನ್ನೇ ತೆಗೆದುಕೊಳ್ಳುತ್ತೇವೆ. ಹಾಗಾಗಿ ಇದು ಆಸ್ಟಿಯೊಪೊರೋಸಿಸ್. ಆದರೆ ಬೆನ್ನೆಲುಬು ಯಾಕೆ ಅಷ್ಟು ಚೆನ್ನಾಗಿ ಕಾಣುತ್ತಿದೆ ಎಂಬುದನ್ನೂ ಬಿಡಬಾರದು. ಇಂಥ ಒಂದು ವರದಿಯನ್ನು ಹೇಗೆ ಬಿಡಿಸುತ್ತೇವೆ ಎಂದು ಉದಾಹರಣೆಗೆ ಅಂಕಿಗಳನ್ನು ಇಟ್ಟುಕೊಂಡು ನೋಡೋಣ.

ನಾಲ್ಕು ಕಶೇರುಗಳ ಒಟ್ಟು ಅಂಕಿ −1.1 ಇರಲಿ. ಕೆಳಗಿನ ಪಟ್ಟಿಯಲ್ಲಿ ಒಂದೊಂದರದ್ದೂ ಬೇರೆ ಬೇರೆ ಇರುತ್ತದೆ: ಎಲ್1 −2.4, ಎಲ್2 −2.2, ಎಲ್3 −0.4, ಎಲ್4 +0.3. ಒಂದೇ ಬೆನ್ನೆಲುಬಿನಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಇಷ್ಟು ಜಿಗಿತ ಇರಬಾರದು. ಅಕ್ಕಪಕ್ಕದ ಕಶೇರುಗಳ ನಡುವೆ ಒಂದು ಟಿ-ಸ್ಕೋರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅನುಮಾನ ಪಡಬೇಕು ಎಂಬುದು ನಿಯಮ. ಇಲ್ಲಿ ವ್ಯತ್ಯಾಸ 1.8.

ಈಗ ಚಿತ್ರ ನೋಡಬೇಕು. ಎಲ್3, ಎಲ್4ರ ಅಂಚಿನಲ್ಲಿ ಬೆಳ್ಳಗಿನ ಮೂಳೆಯ ಚೂಪು ಬೆಳವಣಿಗೆಗಳು ಕಾಣುತ್ತವೆ. ಹಿಂಬದಿಯ ಸಣ್ಣ ಕೀಲುಗಳೂ ಸವೆದು ದಪ್ಪಗಾಗಿವೆ. ಇದು ವಯಸ್ಸಿನ ಸಂಧಿವಾತ. ಈ ಹೆಚ್ಚುವರಿ ಮೂಳೆ ಬೆನ್ನನ್ನು ಗಟ್ಟಿ ಮಾಡುವುದಿಲ್ಲ, ಆದರೆ ಅದರಲ್ಲೂ ಕ್ಯಾಲ್ಸಿಯಂ ಇರುವುದರಿಂದ ಯಂತ್ರ ಅದನ್ನೂ ಎಣಿಸಿಬಿಡುತ್ತದೆ. ಬೆನ್ನೆಲುಬಿನ ಮುಂದೆ ಹಾದುಹೋಗುವ ಮಹಾಪಧಮನಿಯಲ್ಲಿ ಸುಣ್ಣ ಕಟ್ಟಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಕುಸಿದ ಕಶೇರು ಇನ್ನೂ ಮೋಸದ್ದು. ಖನಿಜ ಅಷ್ಟೇ ಇರುತ್ತದೆ, ಎತ್ತರ ಕುಗ್ಗಿ ವಿಸ್ತೀರ್ಣ ಕಡಿಮೆ ಆಗಿರುತ್ತದೆ. ಭಾಗಿಸಿದಾಗ ಸಾಂದ್ರತೆ ಜಾಸ್ತಿ ಬರುತ್ತದೆ. ಮುರಿದ ಮೂಳೆಯೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ವರದಿ ಹೇಳಿದಂತಾಗುತ್ತದೆ!

ಹಾಗಾಗಿ ಎಲ್3, ಎಲ್4 ಎರಡನ್ನೂ ಬಿಟ್ಟು ಎಲ್1-ಎಲ್2 ಮಾತ್ರ ಲೆಕ್ಕ ಹಾಕುತ್ತೇವೆ. ಉತ್ತರ ಸುಮಾರು −2.3. ಕನಿಷ್ಠ ಎರಡು ಕಶೇರು ಉಳಿದರೆ ಮಾತ್ರ ಹೀಗೆ ಮಾಡಬಹುದು. ಒಂದೇ ಉಳಿದರೆ ಬೆನ್ನೆಲುಬಿನ ಅಂಕಿಯನ್ನೇ ಕೈಬಿಡಬೇಕು.

ಇನ್ನು ಕೀಲಿನ ಭಾಗ. ಕುತ್ತಿಗೆಯ ಅಳತೆ 0.546. ಇದರಿಂದ 0.858 ಕಳೆದರೆ −0.312, 0.120ರಿಂದ ಭಾಗಿಸಿದರೆ −2.6. ಇಡೀ ಕೀಲಿನ ಭಾಗ −2.0. ಈಗ ಎಲ್ಲವೂ ಒಂದೇ ಕಥೆ ಹೇಳುತ್ತಿವೆ. −1.1 ಎಂಬ ಮೊದಲ ಪುಟದ ಅಂಕಿ ಮಾತ್ರ ಬೇರೆ ದಾರಿ ತೋರಿಸುತ್ತಿತ್ತು. ಅದೊಂದನ್ನೇ ಓದಿದ್ದರೆ ‘ವಯಸ್ಸಿಗೆ ಪರವಾಗಿಲ್ಲ’ ಎಂದು ಮನೆಗೆ ಕಳಿಸುತ್ತಿದ್ದರು.

ನಿಮ್ಮ ಅಮ್ಮ ಯೌವನದಲ್ಲಿದ್ದ ಎತ್ತರಕ್ಕಿಂತ 4 ಸೆಂ.ಮೀ.ಗಿಂತ ಹೆಚ್ಚು ಕುಗ್ಗಿದ್ದರೆ ಅದನ್ನು ತಪ್ಪದೆ ಹೇಳಿ. ಬೆನ್ನೆಲುಬನ್ನು ಪಕ್ಕದಿಂದ ಚಿತ್ರ ತೆಗೆದು ಕುಸಿತ ಇದೆಯಾ ಎಂದು ನೋಡಬಹುದು. ಬಹಳಷ್ಟು ಕುಸಿತಗಳು ನೋವೇ ಇಲ್ಲದೆ ಆಗಿರುತ್ತವೆ.

ಅದೇ ವರದಿಯಲ್ಲಿ ಝಡ್-ಸ್ಕೋರ್ −0.7 ಎಂದಿದೆ. ಹಾಗಾದರೆ ವಯಸ್ಸಿಗೆ ಸರಿಯಾಗಿಯೇ ಇದೆ ಅಲ್ವಾ?

ವಯಸ್ಸಿಗೆ ಸರಿ, ಆದರೆ ಮೂಳೆಗೆ ಸರಿ ಅಲ್ಲ. 72ರ ಗುಂಪಿನ ಸರಾಸರಿಯೇ ಕೆಳಗೆ ಇಳಿದಿರುತ್ತದೆ. ಆ ಸರಾಸರಿಗೆ ಹತ್ತಿರ ಇದ್ದೀರಿ ಎಂದರೆ ಆ ವಯಸ್ಸಿನ ಉಳಿದವರಿಗೆ ಇರುವಷ್ಟು ಅಪಾಯ ನಿಮಗೂ ಇದೆ ಎಂದಷ್ಟೇ ಅರ್ಥ. ಅದು ಕಡಿಮೆ ಅಪಾಯವಲ್ಲ. ಈ ವಯಸ್ಸಿನಲ್ಲಿ ರೋಗ ನಿರ್ಧಾರಕ್ಕೆ ಝಡ್-ಸ್ಕೋರ್ ಬಳಸಬಾರದು.

ಒಂದು ಉಪಯೋಗ ಮಾತ್ರ ಇದೆ. 72ರಲ್ಲೂ ಝಡ್-ಸ್ಕೋರ್ −2.0ಕ್ಕಿಂತ ಕೆಳಗಿದ್ದರೆ, ವಯಸ್ಸಿನ ಸವೆತದ ಜೊತೆಗೆ ಬೇರೆ ಏನೋ ಕಾರಣ ಇರಬಹುದು ಎಂದು ಹುಡುಕುತ್ತೇವೆ.

ಟಿ-ಸ್ಕೋರ್ −1.8 ಮಾತ್ರ. ಅಂದರೆ ಮೂಳೆ ಮುರಿಯುವುದಿಲ್ಲವಾ?

ಮುರಿಯಬಹುದು. ಮೂಳೆ ಮುರಿದುಕೊಂಡವರಲ್ಲಿ ಹೆಚ್ಚಿನವರ ಸ್ಕೋರ್ −2.5ಕ್ಕಿಂತ ಮೇಲೆಯೇ ಇರುತ್ತದೆ, ಯಾಕೆಂದರೆ ಆ ನಡುವಿನ ಗುಂಪಿನಲ್ಲೇ ಜನ ಜಾಸ್ತಿ. −2.4ಕ್ಕೂ −2.5ಕ್ಕೂ ಮೂಳೆಯಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಗೆರೆ ನಾವು ಎಳೆದದ್ದು. ನಿಂತ ಎತ್ತರದಿಂದ ಬಿದ್ದು ಸೊಂಟದ ಮೂಳೆ ಮುರಿದಿದ್ದರೆ, ಅಥವಾ ಹಾಗೆಯೇ ಬೆನ್ನಿನ ಕಶೇರು ಕುಸಿದಿದ್ದರೆ, ಸ್ಕೋರ್ −1.8 ಇದ್ದರೂ ಆ ವಯಸ್ಸಾದವರಿಗೆ ಚಿಕಿತ್ಸೆಯ ಮಾತು ಬರುತ್ತದೆ. ಮುರಿತ ಇಲ್ಲದಿದ್ದರೆ ವಯಸ್ಸು, ತೂಕ, ಸಿಗರೇಟು, ಸ್ಟೀರಾಯ್ಡ್, ತಂದೆತಾಯಿಯ ಸೊಂಟ ಮುರಿದಿತ್ತೇ ಎಂಬುದನ್ನೆಲ್ಲ ಸೇರಿಸಿ ಅಪಾಯ ಲೆಕ್ಕ ಹಾಕುತ್ತಾರೆ.

ಕಳೆದ ಸಲ ಬೆನ್ನೆಲುಬು 0.842, ಈ ಸಲ 0.866. ಸುಧಾರಿಸಿದೆಯಾ?

ಸುಮಾರು 3% ಏರಿಕೆ. ಇದನ್ನು ಸುಧಾರಣೆ ಎನ್ನಲು ಆಗುವುದಿಲ್ಲ. ಅದೇ ವ್ಯಕ್ತಿಯನ್ನು ಅದೇ ದಿನ ಎಬ್ಬಿಸಿ ಮತ್ತೆ ಮಲಗಿಸಿ ಸ್ಕ್ಯಾನ್ ಮಾಡಿದರೂ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಪ್ರತಿ ಕೇಂದ್ರವೂ ತನ್ನ ಈ ಏರುಪೇರನ್ನು ಅಳೆದು ಇಟ್ಟುಕೊಂಡಿರಬೇಕು. ಅದನ್ನು 2.77ರಿಂದ ಗುಣಿಸಿದರೆ, ನಿಜವಾದ ಬದಲಾವಣೆ ಎನ್ನಲು ಬೇಕಾದ ಕನಿಷ್ಠ ಅಂತರ ಸಿಗುತ್ತದೆ. ಬೆನ್ನೆಲುಬಿಗೆ ಒಪ್ಪಬಹುದಾದ ಏರುಪೇರಿನ ಮಿತಿ 1.9%. ಗುಣಿಸಿದರೆ 5.3%. ಆ ಲೆಕ್ಕದಲ್ಲಿ ನಿಮ್ಮ 3% ಏರಿಕೆ ಯಂತ್ರದ ಮತ್ತು ಮಲಗಿದ ಭಂಗಿಯ ಏರುಪೇರಿನೊಳಗೇ ಬರುತ್ತದೆ. 3% ಇಳಿದಿದ್ದರೂ ಇದೇ ಮಾತು ಹೇಳುತ್ತಿದ್ದೆ.

ವಯಸ್ಸಾದವರಲ್ಲಿ ಬೆನ್ನೆಲುಬಿನ ಅಂಕಿ ಏರುತ್ತಾ ಹೋದರೆ ಅದು ಸಂಧಿವಾತ ಬೆಳೆಯುತ್ತಿರುವುದೂ ಆಗಿರಬಹುದು. ಅವರಲ್ಲಿ ಇಡೀ ಕೀಲಿನ ಭಾಗದ ಅಂಕಿಯನ್ನು ಹಿಂಬಾಲಿಸುವುದು ಉತ್ತಮ. ಹೋಲಿಸುವಾಗ ಟಿ-ಸ್ಕೋರ್ ಬೇಡ, ಗ್ರಾಂ ಲೆಕ್ಕದ ಸಾಂದ್ರತೆಯನ್ನೇ ಹೋಲಿಸಿ. ಅದೂ ಅದೇ ಯಂತ್ರದಲ್ಲಿ, ಅದೇ ಕಶೇರುಗಳನ್ನು ಸೇರಿಸಿದ ಅಳತೆಯಾಗಿರಬೇಕು. ಬೇರೆ ತಯಾರಕರ ಯಂತ್ರದ ಅಂಕಿಗಳನ್ನು ನೇರವಾಗಿ ಪಕ್ಕದಲ್ಲಿಟ್ಟು ನೋಡಲು ಬರುವುದಿಲ್ಲ.

ಸ್ಕ್ಯಾನಿಗೆ ಹೋಗುವ ಮೊದಲು ಏನು ಗಮನಿಸಬೇಕು?

ಆ ದಿನ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳಬೇಡಿ. ಕರಗದೆ ಹೊಟ್ಟೆಯಲ್ಲಿ ಉಳಿದ ಮಾತ್ರೆ ಬೆನ್ನೆಲುಬಿನ ಮೇಲೆ ಬಂದರೆ ಮೂಳೆಯಂತೆಯೇ ಎಣಿಕೆ ಆಗುತ್ತದೆ. ಇತ್ತೀಚೆಗೆ ಬೇರಿಯಂ ಕುಡಿದು ಎಕ್ಸ್-ರೇ, ಬಣ್ಣದ ದ್ರವ ಕೊಟ್ಟು ಸಿಟಿ ಅಥವಾ ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿಸಿದ್ದರೆ ಮೊದಲೇ ತಿಳಿಸಿ, ಕೆಲವು ದಿನ ಮುಂದೂಡಬೇಕಾಗಬಹುದು. ಬಸಿರಿಯಾಗಿರುವ ಸಾಧ್ಯತೆ ಇದ್ದರೂ ಹೇಳಿ. ಬೆನ್ನಿಗೆ ರಾಡು, ಸ್ಕ್ರೂ ಹಾಕಿದ್ದರೆ ಅಥವಾ ಯಾವ ಕಡೆಯ ಸೊಂಟಕ್ಕೆ ಶಸ್ತ್ರಚಿಕಿತ್ಸೆ ಆಗಿದೆ ಎಂಬುದು ಗೊತ್ತಿದ್ದರೆ, ತಂತ್ರಜ್ಞರು ಸರಿಯಾದ ಜಾಗವನ್ನೇ ಆರಿಸಿಕೊಳ್ಳುತ್ತಾರೆ. ಹಳೆಯ ವರದಿ ಇದ್ದರೆ ಚಿತ್ರವಿರುವ ಪುಟದ ಸಮೇತ ತನ್ನಿ. ಬರೀ ಅಂಕಿಯ ಪುಟ ಇದ್ದರೆ ಆಗ ಯಾವ ಕಶೇರು ಸೇರಿಸಿದ್ದರು, ಯಾವುದನ್ನು ಬಿಟ್ಟಿದ್ದರು ಎಂದು ತಿಳಿಯುವುದಿಲ್ಲ.